ಮುರುಗಲು ಜೆಲ್ಲಿ: ಜೆಲಟಿನ್ ಬದಲು ಚೈನಾ ಗ್ರಾಸ್

ರಜೆಗೆ ಸಾಗರಕ್ಕೆ ಬಂದಿದ್ದ ಅಕ್ಕನ ಮಗಳು ಜೆಲ್ಲಿ ಮಿಠಾಯಿ ಪೊಟ್ಟಣ ಹಿಡಿದು, ‘ಚಿಕ್ಕಮ್ಮಾ, ಇದರಲ್ಲಿ ಜೆಲಟಿನ್ ಅಂತ ಇದೆ. ಏನದು?’ ಎಂದಳು. ಜೆಲಟಿನ್ ಪ್ರಾಣಿಯಿಂದಲೇ ಬರುವುದು. ದನ, ಎಮ್ಮೆ, ಹಂದಿಗಳ ಚರ್ಮ ಮತ್ತು ಮೂಳೆಯಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನಿನಿಂದ ಅದನ್ನು ತೆಗೆಯುತ್ತಾರೆ. ಮೀನಿನದ್ದೂ ಇದೆ. ಗಿಡದಲ್ಲಿ ಕೊಲಾಜೆನ್ ಇರುವುದಿಲ್ಲ.

ಹಾಗಂತ ಎಲ್ಲ ಜೆಲ್ಲಿಯಲ್ಲೂ ಜೆಲಟಿನ್ ಇರುವುದಿಲ್ಲ. ಕೆಲವಕ್ಕೆ ಹಣ್ಣಿನ ಪೆಕ್ಟಿನ್ ಅಥವಾ ಪಿಷ್ಟ ಹಾಕುತ್ತಾರೆ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯಾ ನೋಡಿ, ಪದಾರ್ಥಗಳ ಪಟ್ಟಿಯನ್ನೂ ಓದಿ. ಬೇಕರಿಯಲ್ಲಿ ಬಿಡಿಯಾಗಿ ಸಿಗುವ ಪುಡ್ಡಿಂಗ್‌ಗೆ ಚುಕ್ಕೆ ಇರುವುದಿಲ್ಲ, ಕೇಳಿಯೇ ತಿಳಿಯಬೇಕು.

ಮನೆಯಲ್ಲಿ ಮಾಡಲು ನನಗೆ ಇಷ್ಟ ಚೈನಾ ಗ್ರಾಸ್, ಅಂದರೆ ಅಗರ್. ಇದು ಕೆಂಪು ಕಡಲ ಪಾಚಿಯಿಂದ ಬರುತ್ತದೆ. ಆದರೆ ಹುಳಿಯ ಜೊತೆ ಕುದಿಸಿದರೆ ಇದರ ಶಕ್ತಿ ಕುಗ್ಗುತ್ತದೆ. ಮೊದಲ ಸಲ ನಾನು ಮುರುಗಲು ರಸದಲ್ಲೇ ಅಗರ್ ಹಾಕಿ ಚೆನ್ನಾಗಿ ಕುದಿಸಿದ್ದೆ. ಬೆಳಿಗ್ಗೆ ನೋಡಿದರೆ ಬಟ್ಟಲಲ್ಲಿ ಇದ್ದದ್ದು ಮಂದ ಪಾನಕ! ಈಗ ಹೀಗೆ ಮಾಡುತ್ತೇನೆ.

ಹತ್ತು ಒಣ ಮುರುಗಲು ಸಿಪ್ಪೆಯನ್ನು ಮುಕ್ಕಾಲು ಕಪ್ ಬಿಸಿನೀರಲ್ಲಿ ಒಂದು ಗಂಟೆ ನೆನೆಸಿ, ಕಿವುಚಿ ಸೋಸಿ. ಅರ್ಧ ಕಪ್ ರಸ ಬೇಕು. ಅದನ್ನು ಉಗುರುಬೆಚ್ಚಗೆ ಇಡಿ.

ಇನ್ನೊಂದು ಪಾತ್ರೆಯಲ್ಲಿ ಒಂದೂವರೆ ಕಪ್ ತಣ್ಣೀರಿಗೆ ಎರಡು ಟೀ ಚಮಚ ಅಗರ್ ಪುಡಿ ಕದಡಿ, ಆಮೇಲೆ ಒಲೆಗಿಡಿ. ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಮೂರು ನಿಮಿಷ ಕೈಯಾಡಿಸಿ. ಚಮಚದ ಬೆನ್ನಿಗೆ ಕಾಳು ಅಂಟದಿದ್ದರೆ ಕರಗಿದೆ ಎಂದರ್ಥ. ಐದಾರು ದೊಡ್ಡ ಚಮಚ ಸಕ್ಕರೆ ಹಾಕಿ ಕರಗಿಸಿ, ಒಲೆ ಆರಿಸಿ, ಆಮೇಲೆ ಮುರುಗಲು ರಸ ಬೆರೆಸಿ. ರಸ ತಣ್ಣಗಿದ್ದರೆ ಅಲ್ಲಲ್ಲೇ ಗಂಟು ಕಟ್ಟುತ್ತದೆ.

ಅಚ್ಚಿಗೆ ಹಾಕುವ ಮೊದಲು ಸ್ಟೀಲ್ ತಟ್ಟೆಗೆ ಒಂದು ಹನಿ ಬಿಡಿ. ಎರಡು ನಿಮಿಷದಲ್ಲಿ ಬೆರಳು ಒತ್ತಿದರೆ ಪುಟಿಯಬೇಕು. ನೀರಾಗಿಯೇ ಇದ್ದರೆ ಅರ್ಧ ಚಮಚ ಅಗರನ್ನು ಸ್ವಲ್ಪ ನೀರಲ್ಲಿ ಬೇರೆಯಾಗಿ ಕುದಿಸಿ ಸೇರಿಸಿ. ಸುಮ್ನೆ ಪುಡಿ ಉದುರಿಸಿದರೆ ಕರಗುವುದಿಲ್ಲ.

ಅಗರ್ ಸುಮಾರು 40 ಡಿಗ್ರಿಗೇ ಗಟ್ಟಿಯಾಗುತ್ತದೆ, ಮತ್ತೆ ಕರಗಲು 85 ಡಿಗ್ರಿ ಬೇಕು. ಹಾಗಾಗಿ ಫ್ರಿಜ್ ಇಲ್ಲದಿದ್ದರೂ, ಕರೆಂಟ್ ಹೋದರೂ ಜೆಲ್ಲಿ ನಿಲ್ಲುತ್ತದೆ. ಆದರೆ ಜೆಲಟಿನ್‌ನಂತೆ ಬಾಯಲ್ಲಿ ಕರಗುವುದಿಲ್ಲ, ಹಲ್ಲಿಗೆ ಮುರಿಯುತ್ತದೆ. ಮರುದಿನಕ್ಕೆ ಅಂಚಲ್ಲಿ ನೀರೂ ಬಿಡುತ್ತದೆ, ಅವತ್ತೇ ತಿನ್ನುವುದು ಒಳ್ಳೆಯದು. ಜಗಿಯುವ ಮಿಠಾಯಿ ಬೇಕಿದ್ದರೆ ಅಗರ್ ಸಾಲದು, ಅದಕ್ಕೆ ಪೆಕ್ಟಿನ್ ಹತ್ತಿರ. ಪೆಕ್ಟಿನ್‌ಗೆ ಜಾಸ್ತಿ ಸಕ್ಕರೆ, ಜೊತೆಗೆ ಹುಳಿಯೂ ಬೇಕು. ಅಗರಿಗೆ ಕಷ್ಟ ಕೊಡುವ ಮುರುಗಲು ಅಲ್ಲಿ ಸಹಾಯಕ್ಕೇ ಬರುತ್ತದೆ.