ಅಮೆರಿಕದಲ್ಲಿ ಮುರಿದುಕೊಂಡ ತೆರಿಗೆಯನ್ನು ಇಲ್ಲಿ ಎಲ್ಲಿ ಕಳೆಯಬೇಕು?

ಬೆಳ್ಳಂದೂರು, ವೈಟ್‌ಫೀಲ್ಡ್ ಕಡೆಯ ಐಟಿ ಉದ್ಯೋಗಿಗಳಲ್ಲಿ ಹಲವರ ಬಳಿ ಅಮೆರಿಕದ ಮಾತೃ ಕಂಪನಿಯ ಷೇರು ಇರುತ್ತದೆ. ಅಂಥವರ ರಿಟರ್ನ್ ತಯಾರಿಸುವಾಗ ನಾನು ಮೊದಲು ನೋಡುವುದು ಡಿವಿಡೆಂಡ್ ಮೊತ್ತವನ್ನು. ಡಿಡಕ್ಷನ್ ಮತ್ತು ಕ್ರೆಡಿಟ್ ಅದಲುಬದಲಾಗುವುದು ಅಲ್ಲೇ.

ಡಿಡಕ್ಷನ್ ಆದಾಯದಿಂದ ಕಳೆಯುವ ಮೊತ್ತ. ಕ್ರೆಡಿಟ್ ಅನ್ನು ಕಳೆಯುವುದು ಲೆಕ್ಕ ಹಾಕಿ ಮುಗಿದ ತೆರಿಗೆಯಿಂದ.

2024-25ರ ಹಣಕಾಸು ವರ್ಷದ ಲೆಕ್ಕ ತೆಗೆದುಕೊಳ್ಳೋಣ. ಹೊಸ ಪದ್ಧತಿ, ಡಿವಿಡೆಂಡ್ ಸೇರಿ ತೆರಿಗೆಗೆ ಒಳಪಡುವ ಆದಾಯ 40 ಲಕ್ಷ. ಡಿವಿಡೆಂಡ್ 1,00,000 ರೂಪಾಯಿ. ಅಮೆರಿಕದಲ್ಲಿ ಶೇ 25 ಮುರಿದುಕೊಂಡು ಖಾತೆಗೆ 75,000 ಬಂದಿದೆ. ಖಾತೆಗೆ ಬಂದದ್ದನ್ನೇ ಆದಾಯವೆಂದು ಬರೆದು ಸುಮ್ಮನಾಗುವವರು ಬಹಳ. ಹಾಗೆ ಮಾಡಿದರೆ 25,000ವನ್ನು ಡಿಡಕ್ಷನ್ ಮಾಡಿದಂತೆಯೇ. ಸೆಸ್ ಸೇರಿ ಶೇ 31.2ರ ದರದಲ್ಲಿ ಉಳಿಯುವುದು ಬರೀ 7,800. ಮೇಲಾಗಿ ಅದು ತಪ್ಪು. ಪೂರ್ತಿ ಒಂದು ಲಕ್ಷವನ್ನೇ ತೋರಿಸಬೇಕು.

ಕ್ರೆಡಿಟ್ ಆಗಿ ಪಡೆದರೆ? 25,000 ಪೂರ್ತಿ ಸಿಗುತ್ತದೆ ಅಂದುಕೊಳ್ಳಬೇಡಿ. ಅಲ್ಲಿ ಕಟ್ಟಿದ ತೆರಿಗೆ, ಅದೇ ಆದಾಯಕ್ಕೆ ಇಲ್ಲಿ ಬೀಳುವ ತೆರಿಗೆ, ಇವೆರಡರಲ್ಲಿ ಕಡಿಮೆ ಇರುವುದಷ್ಟೇ ಸಿಗುವುದು. ಇಲ್ಲಿನದನ್ನು ನಾನು ಸರಾಸರಿ ದರದಲ್ಲಿ ಹಿಡಿಯುತ್ತೇನೆ: 40 ಲಕ್ಷಕ್ಕೆ ಒಟ್ಟು ತೆರಿಗೆ 9,25,600, ಅಂದರೆ ಶೇ 23.14. ಹಾಗಾಗಿ ಕ್ರೆಡಿಟ್ 23,140. ಮಿಕ್ಕ 1,860 ಹೋದಂತೆಯೇ, ಮುಂದಿನ ವರ್ಷಕ್ಕೂ ಸಾಗುವುದಿಲ್ಲ. ಆದರೂ ಡಿಡಕ್ಷನ್‌ಗಿಂತ 15,340 ಹೆಚ್ಚು ಉಳಿಯಿತು.

ಇನ್ನು ಕೆಲಸದ ಕ್ರಮ. ಡಾಲರನ್ನು ರೂಪಾಯಿಗೆ ಬದಲಿಸುವಾಗ ತೆರಿಗೆ ಮುರಿದುಕೊಂಡ ತಿಂಗಳಿಗೆ ಹಿಂದಿನ ತಿಂಗಳ ಕೊನೆಯ ದಿನದ ಎಸ್‌ಬಿಐ ಟಿಟಿ ಖರೀದಿ ದರ ಹಾಕುತ್ತೇನೆ. ಡಿವಿಡೆಂಡ್ ಮತ್ತು ಅದರಲ್ಲಿ ಮುರಿದ ತೆರಿಗೆಯನ್ನು ತೋರಿಸಿ ಬ್ರೋಕರ್ ಕೊಡುವ 1042-S ಫಾರ್ಮ್ ಜನವರಿಯಿಂದ ಡಿಸೆಂಬರ್‌ವರೆಗಿನದು, ನಮ್ಮ ವರ್ಷ ಏಪ್ರಿಲ್‌ನಿಂದ ಶುರು. ಆದ್ದರಿಂದ ಅದರ ಒಟ್ಟು ಮೊತ್ತವನ್ನು ನೇರವಾಗಿ ಎತ್ತಿಕೊಳ್ಳದೆ ತಿಂಗಳವಾರು ಸ್ಟೇಟ್‌ಮೆಂಟ್‌ನಿಂದ ಕೂಡಿಸುತ್ತೇನೆ. ಆಮೇಲೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಈ ಕ್ರೆಡಿಟ್ ಕೇಳುವ Form 67 ಸಲ್ಲಿಸಿ, ITR-2ರಲ್ಲಿ ವಿದೇಶಿ ಆದಾಯದ Schedule FSI ಮತ್ತು ತೆರಿಗೆ ರಿಲೀಫ್‌ನ Schedule TR ತುಂಬಿಸುತ್ತೇನೆ. ಮೂರರಲ್ಲೂ ಅಂಕಿ ಒಂದೇ ಇರಬೇಕು. ಷೇರುಗಳ ವಿವರ ಬೇರೆಯಾಗಿ Schedule FAಗೆ ಹೋಗುತ್ತದೆ, ಅದು ಮಾತ್ರ ಕ್ಯಾಲೆಂಡರ್ ವರ್ಷದ ಲೆಕ್ಕ.

Form 67 ಬಿಟ್ಟುಹೋದರೆ ರಿಟರ್ನ್ ನೋಡಿ ಇಲಾಖೆ ಕಳಿಸುವ 143(1) ಇಂಟಿಮೇಶನ್‌ನಲ್ಲಿ ಸೆಕ್ಷನ್ 90ರ ರಿಲೀಫ್, ಅಂದರೆ ಇದೇ ಕ್ರೆಡಿಟ್‌ನ ಎದುರು ಸೊನ್ನೆ ಬಂದು, ಬಡ್ಡಿ ಸಮೇತ ಬಾಕಿ ತೋರಿಸಬಹುದು. ರಿಟರ್ನ್ ಅವಧಿಯೊಳಗೆ ಸಲ್ಲಿಸಿದ್ದರೆ ಅಸೆಸ್‌ಮೆಂಟ್ ವರ್ಷ ಮುಗಿಯುವವರೆಗೆ ಫಾರ್ಮ್ ಹಾಕಲು ಅವಕಾಶವಿದೆ. ಶೇ 25ರ ಬದಲು 30 ಮುರಿದಿದ್ದರೆ ನೀವು ಅಮೆರಿಕದವರಲ್ಲ ಎಂದು ತಿಳಿಸುವ W-8BEN ಫಾರ್ಮ್ ಬ್ರೋಕರ್ ಬಳಿ ಇಲ್ಲವೆಂದೇ ಬಹುತೇಕ ಅರ್ಥ. ಭಾರತ-ಅಮೆರಿಕ ತೆರಿಗೆ ಒಪ್ಪಂದದ ದರ ಶೇ 25. ಹೆಚ್ಚಿನ ಐದಕ್ಕೆ ಇಲ್ಲಿ ಕ್ರೆಡಿಟ್ ಕೇಳುವಂತಿಲ್ಲ, ಅಮೆರಿಕದಲ್ಲೇ ರೀಫಂಡ್ ಕೇಳಬೇಕು.