ಒಂದೇ ಪ್ಯಾಕೆಟ್ಟಿನ ಬೆನ್ನುಹತ್ತಿ: ಐಡಿಎಸ್–ಐಪಿಎಸ್ ಹೋಲಿಕೆಯ ಉತ್ತರವನ್ನು ನಾನು ಬರೆದ ಬಗೆ

ನೆಟ್‌ವರ್ಕ್ ಭದ್ರತೆಯ ಪತ್ರಿಕೆಯಲ್ಲಿ ಅತಿಕ್ರಮಣ ಪತ್ತೆ ವ್ಯವಸ್ಥೆ (ಐಡಿಎಸ್) ಮತ್ತು ಅತಿಕ್ರಮಣ ತಡೆ ವ್ಯವಸ್ಥೆ (ಐಪಿಎಸ್) ಇವುಗಳನ್ನು ಹೋಲಿಸಿ, ಸಿಗ್ನೇಚರ್ ಮತ್ತು ಅನಾಮಲಿ ವಿಧಾನಗಳನ್ನೂ ವಿವರಿಸಿ ಎಂಬ ದೀರ್ಘ ಪ್ರಶ್ನೆ ಸಾಮಾನ್ಯವಾಗಿ ಬರುತ್ತದೆ. ನೆಟ್‌ವರ್ಕ್ ನಿರ್ವಹಣೆಯ ಕೆಲಸ ಮಾಡುತ್ತಲೇ ಈ ಪರೀಕ್ಷೆಗೆ ಸಿದ್ಧನಾಗುವಾಗ ನಾನು ಮೊದಲು ತೀರ್ಮಾನಿಸಿದ್ದು, ಇದು ಒಂದು ಪ್ರಶ್ನೆಯಲ್ಲ, ಎರಡು ಎಂಬುದನ್ನು. ಈ ವ್ಯವಸ್ಥೆ ಓಡುವ ಪೆಟ್ಟಿಗೆ ಸಂಚಾರದ ದಾರಿಯಲ್ಲಿ ಎಲ್ಲಿ ಕೂತಿದೆ, ದಾಳಿ ಕಂಡಾಗ ಏನು ಮಾಡುತ್ತದೆ ಎಂಬುದು ಒಂದು ಪ್ರಶ್ನೆ. ದಾಳಿಯನ್ನು ಅದು ಯಾವ ಆಧಾರದಿಂದ ಗುರುತಿಸುತ್ತದೆ ಎಂಬುದು ಇನ್ನೊಂದು: ಗೊತ್ತಿರುವ ದಾಳಿಯ ಮಾದರಿಯಿಂದಾದರೆ ಸಿಗ್ನೇಚರ್, ಎಂದಿನ ನಡವಳಿಕೆಯಿಂದ ಸರಿದದ್ದನ್ನು ನೋಡಿಯಾದರೆ ಅನಾಮಲಿ. ಐಡಿಎಸ್ ಎಂದರೆ ಸಿಗ್ನೇಚರ್, ಐಪಿಎಸ್ ಎಂದರೆ ಅನಾಮಲಿ ಎಂದು ಜೋಡಿಸಿ ಬರೆದರೆ ಉತ್ತರ ಅಲ್ಲಿಗೇ ದಾರಿ ತಪ್ಪುತ್ತದೆ, ಏಕೆಂದರೆ ಎರಡೂ ವಿಧಾನಗಳು ಎರಡೂ ಬಗೆಯ ಪೆಟ್ಟಿಗೆಗಳಲ್ಲಿ ಇರಬಲ್ಲವು. ಆದ್ದರಿಂದ ಒಂದೇ ದಾಳಿಯನ್ನು ಆರಿಸಿಕೊಂಡು ಅದನ್ನು ಈ ನಾಲ್ಕೂ ಸನ್ನಿವೇಶಗಳ ಮೂಲಕ ಹಾಯಿಸಿ ನೋಡಿದೆ.

ನಾನು ಆರಿಸಿಕೊಂಡದ್ದು 2003ರ ಜನವರಿ 25ರಂದು ಹರಡಿದ ಎಸ್‌ಕ್ಯೂಎಲ್ ಸ್ಲಾಮರ್ ಹುಳು. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ, ಡೇಟಾಬೇಸ್ ಯಾವ ಪೋರ್ಟಿನಲ್ಲಿ ಸಿಗುತ್ತದೆ ಎಂದು ವಿಚಾರಿಸಲು ಯುಡಿಪಿ 1434ರಲ್ಲಿ ಒಂದು ಸೇವೆ ಇದೆ. ಮೊದಲ ಬೈಟ್ 04 ಆಗಿದ್ದು ಅದರ ಹಿಂದೆ ಸರ್ವರ್ ಇನ್‌ಸ್ಟೆನ್ಸಿನ, ಅಂದರೆ ಆ ಯಂತ್ರದಲ್ಲಿ ಓಡುವ ಸರ್ವರಿನ ಒಂದು ಪ್ರತಿಯ, ಹೆಸರು ಬಂದರೆ ಸೇವೆ ಉತ್ತರ ಕೊಡುತ್ತದೆ. ಹೆಸರಿನ ಜಾಗದಲ್ಲಿ ಅಳತೆ ಮೀರಿ ಉದ್ದದ ಮಾಹಿತಿ ಕಳಿಸಿದರೆ ಬಫರ್ ಉಕ್ಕಿ, ಕಳಿಸಿದವನ ಕೋಡ್ ಓಡುತ್ತಿತ್ತು. ಈ ದೋಷಕ್ಕೆ ತೇಪೆ 2002ರ ಜುಲೈಯಲ್ಲೇ ಬಿಡುಗಡೆಯಾಗಿತ್ತು. ಹಾಕಿಕೊಳ್ಳದ ಯಂತ್ರಗಳು ಸಿಕ್ಕಿಬಿದ್ದವು. ಪರೀಕ್ಷೆಯ ಉತ್ತರಕ್ಕೆ ಬೇಕಾದ ಮುಖ್ಯ ಸಂಗತಿ ಇದರ ಗಾತ್ರದಲ್ಲಿದೆ. ಇಡೀ ಹುಳು 376 ಬೈಟ್. ಐಪಿ ಮತ್ತು ಯುಡಿಪಿ ಹೆಡರ್‌ಗಳ 28 ಬೈಟ್ ಸೇರಿ 404. ಅಂದರೆ ದಾಳಿಯ ಆರಂಭ, ನಡುವು, ಕೊನೆ ಎಲ್ಲವೂ ಒಂದೇ ಪ್ಯಾಕೆಟ್ಟಿನಲ್ಲಿ ಮುಗಿಯುತ್ತದೆ.

ಪತ್ತೆಗೂ ತಡೆಗೂ ಇರುವ ವ್ಯತ್ಯಾಸವನ್ನು ಕಣ್ಣಾರೆ ನೋಡಲು ಮೂರು ವರ್ಚುವಲ್ ಯಂತ್ರಗಳನ್ನು ಸಾಲಾಗಿ ಜೋಡಿಸಿದೆ: ಒಂದು ಕಳಿಸುವುದು, ನಡುವಿನದು ಪತ್ತೆ, ತಡೆ ಎರಡನ್ನೂ ಮಾಡಬಲ್ಲ ಸುರಿಕಾಟಾ ತಂತ್ರಾಂಶ ಓಡುವ ಗೇಟ್‌ವೇ, ಮೂರನೆಯದು ಸ್ವೀಕರಿಸುವುದು. ನಿಜವಾದ ಹುಳು ಬೇಕಾಗಿರಲಿಲ್ಲ. ಮೊದಲ ಬೈಟ್ 04, ಉಳಿದ 375 ಬೈಟ್ ಬರೀ A ಅಕ್ಷರ ಇರುವ ನಿರಪಾಯಕಾರಿ ಪ್ಯಾಕೆಟ್ ಸಾಕಾಯಿತು. ನಿಯಮ ಹೀಗಿತ್ತು:

```
drop udp any any -> any 1434 (msg:"UDP 1434 overflow"; content:"|04|"; depth:1; dsize:>100; sid:1000001; rev:1;)
```

ಮೊದಲು ಇದೇ ನಿಯಮವನ್ನು ಐಡಿಎಸ್ ಆಗಿ ಓಡಿಸಿದೆ, ನಂತರ ಐಪಿಎಸ್ ಆಗಿ:

```
suricata -c suricata.yaml -i eth0

iptables -I FORWARD -j NFQUEUE --queue-num 0
suricata -c suricata.yaml -q 0
```

ಮೊದಲ ಸಲ ಸುರಿಕಾಟಾ ಪ್ಯಾಕೆಟ್ಟಿನ ಪ್ರತಿಯನ್ನು ಮಾತ್ರ ಓದುತ್ತಿತ್ತು. `fast.log` ಕಡತದಲ್ಲಿ ಸಾಲು ಬಿತ್ತು, ಅದರ ತಲೆಯಲ್ಲಿ `[wDrop]` ಎಂದಿತ್ತು. ಅಧಿಕಾರ ಇದ್ದಿದ್ದರೆ ಬೀಳಿಸುತ್ತಿದ್ದೆ ಎಂಬುದು ಅದರ ಅರ್ಥ. ಆದರೆ ಸ್ವೀಕರಿಸುವ ಯಂತ್ರದ `tcpdump` ಪರದೆಯಲ್ಲಿ `UDP, length 376` ಎಂದು ಆಗಲೇ ಕಾಣಿಸಿಕೊಂಡಿತ್ತು. ಎರಡನೆಯ ಸಲ ನಿಜವಾದ ಪ್ಯಾಕೆಟ್ಟೇ ಸುರಿಕಾಟಾದ ಕೈಯಲ್ಲಿ ನಿಂತು ತೀರ್ಪಿಗೆ ಕಾಯಿತು. ದಾಖಲೆಯಲ್ಲಿ `[Drop]` ಎಂದು ಬಂತು, ಆಚೆಯ ಪರದೆ ಖಾಲಿ ಉಳಿಯಿತು. ನಿಯಮ ಅದೇ, ಗುರುತಿಸುವ ವಿಧಾನ ಅದೇ; ಬದಲಾದದ್ದು ಪೆಟ್ಟಿಗೆಯ ಸ್ಥಾನ ಮಾತ್ರ. ಎರಡು ಪ್ರಶ್ನೆಗಳು ಬೇರೆ ಬೇರೆ ಎಂದು ತೋರಿಸಲು ಇದಕ್ಕಿಂತ ಚಿಕ್ಕ ಪುರಾವೆ ನನಗೆ ಗೊತ್ತಿಲ್ಲ.

ಐಡಿಎಸ್ ಕೂಡ ದಾಳಿ ಕಂಡಕೂಡಲೇ ಫೈರ್‌ವಾಲ್‌ಗೆ ಹೇಳಿ ಆ ಐಪಿ ವಿಳಾಸವನ್ನು ಮುಚ್ಚಿಸಬಹುದು, ಅಥವಾ ಟಿಸಿಪಿ ರೀಸೆಟ್ ಕಳಿಸಿ ಸಂಪರ್ಕ ಕಡಿಯಬಹುದು ಎಂದು ಪಠ್ಯಗಳಲ್ಲಿ ಬರುತ್ತದೆ. ಅದು ನಿಜ, ಆದರೆ ಹಲವು ಹೆಜ್ಜೆಗಳಲ್ಲಿ ನಡೆಯುವ ದಾಳಿಗೆ ಮಾತ್ರ ಅದು ಉಪಯುಕ್ತ. ಸ್ಲಾಮರ್‌ನಲ್ಲಿ ಎಚ್ಚರಿಕೆ ಹುಟ್ಟುವ ಹೊತ್ತಿಗೆ ಕೋಡ್ ಓಡಿಯಾಗಿರುತ್ತದೆ; ಯುಡಿಪಿಯಲ್ಲಿ ಕಡಿಯಲು ಸಂಪರ್ಕವೇ ಇಲ್ಲ; ಮೇಲಾಗಿ ಯುಡಿಪಿಯ ಮೂಲ ವಿಳಾಸವನ್ನು ಸುಳ್ಳಾಗಿ ಬರೆಯುವುದು ಸುಲಭವಾದ್ದರಿಂದ, ವಿಳಾಸ ನೋಡಿ ಮುಚ್ಚಿಸಿದರೆ ನಿರಪರಾಧಿಯೊಬ್ಬನನ್ನು ಹೊರಗಿಟ್ಟಂತೆ ಆಗಬಹುದು.

ತಡೆಗೂ ಬೆಲೆ ಇದೆ, ಅದನ್ನೂ ಅದೇ ಜೋಡಣೆಯಲ್ಲಿ ನೋಡಿದೆ. `iptables` ನಿಯಮ ಹಾಗೇ ಇರುವಾಗ ಸುರಿಕಾಟಾವನ್ನು ನಿಲ್ಲಿಸಿದರೆ ಗೇಟ್‌ವೇ ಮೂಲಕ ಏನೂ ಹಾಯುವುದಿಲ್ಲ. ಸರತಿಯಲ್ಲಿ ನಿಂತ ಪ್ಯಾಕೆಟ್ಟುಗಳಿಗೆ ತೀರ್ಪು ಹೇಳುವವರಿಲ್ಲದೆ ಎಲ್ಲವೂ ಬಿದ್ದುಹೋಗುತ್ತವೆ. ಅದೇ ನಿಯಮಕ್ಕೆ `--queue-bypass` ಸೇರಿಸಿದರೆ ಸುರಿಕಾಟಾ ಇಲ್ಲದಿರುವಾಗ ಎಲ್ಲವೂ ತಪಾಸಣೆಯಿಲ್ಲದೆ ಹಾಯುತ್ತವೆ. ಫೇಲ್-ಕ್ಲೋಸ್ಡ್ ಮತ್ತು ಫೇಲ್-ಓಪನ್ ಎಂದು ಓದಿದ ಆಯ್ಕೆ ಇದೇ. ಐಡಿಎಸ್ ಕೆಟ್ಟರೆ ನಮಗೆ ಕಣ್ಣು ಹೋಗುತ್ತದೆ, ಸಂಚಾರ ನಿಲ್ಲುವುದಿಲ್ಲ. ಐಪಿಎಸ್ ಕೆಟ್ಟರೆ ಸಂಚಾರ ನಿಲ್ಲಬೇಕೋ ರಕ್ಷಣೆ ತಪ್ಪಬೇಕೋ ಎಂದು ಮೊದಲೇ ನಿರ್ಧರಿಸಿರಬೇಕು. ವಿಳಂಬ, ವೇಗದ ಮಿತಿ ಇತ್ಯಾದಿ ಅನನುಕೂಲಗಳನ್ನು ನಾನು ಉತ್ತರದಲ್ಲಿ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತೇನೆ.

ಇನ್ನು ಗುರುತಿಸುವ ವಿಧಾನ. ಸಿಗ್ನೇಚರ್ ಎಂದರೆ ಗೊತ್ತಿರುವ ದಾಳಿಯ ಮಾದರಿ ಎಂದು ಬರೆದು ನಿಲ್ಲಿಸಿದರೆ ಸಾಲದು, ಏಕೆಂದರೆ ಯಾವುದರ ಮಾದರಿ ಎಂಬುದರ ಮೇಲೆ ಅದರ ಬಲ ನಿಂತಿದೆ. ಸ್ಲಾಮರ್‌ನ ಕೋಡ್‌ನಲ್ಲಿರುವ ನಿರ್ದಿಷ್ಟ ಬೈಟ್‌ಗಳ ಸಾಲನ್ನು ಹುಡುಕುವ ನಿಯಮ ಬರೆದರೆ ಅದು ಆ ಹುಳುವನ್ನು ಬಹುತೇಕ ತಪ್ಪಿಲ್ಲದೆ ಹಿಡಿಯುತ್ತದೆ, ಆದರೆ ಬರೆದವನು ಕೋಡ್ ಸ್ವಲ್ಪ ಬದಲಿಸಿದರೆ ಕುರುಡಾಗುತ್ತದೆ. ಮೇಲಿನ ನನ್ನ ನಿಯಮ ಹುಳುವನ್ನಲ್ಲ, ದೋಷವನ್ನು ನೋಡುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನ ಇನ್‌ಸ್ಟೆನ್ಸ್ ಹೆಸರಿಗೆ 16 ಅಕ್ಷರಗಳ ಮಿತಿ ಇರುವುದರಿಂದ, 04ರಿಂದ ಶುರುವಾಗಿ 100 ಬೈಟ್ ಮೀರುವ ಕೋರಿಕೆ ಸಾಚಾ ಆಗಿರಲು ಕಾರಣವಿಲ್ಲ. ಆ ದೋಷವನ್ನು ಬಳಸಬೇಕಾದವನು ಉದ್ದದ ಪ್ಯಾಕೆಟ್ ಕಳಿಸಲೇಬೇಕು, ಆದ್ದರಿಂದ ಹುಳುವಿನ ರೂಪಾಂತರಗಳೂ ಇದೇ ನಿಯಮಕ್ಕೆ ಸಿಕ್ಕುತ್ತವೆ. ಇಂಥ ನಿಯಮವನ್ನು ದೋಷ ಗೊತ್ತಾದ ದಿನವೇ, ಹುಳು ಹುಟ್ಟುವ ಮೊದಲೇ ಬರೆಯಬಹುದು. ಆದರೆ ದೋಷವೇ ಯಾರಿಗೂ ಗೊತ್ತಿರದಿದ್ದರೆ ಬರೆಯಲು ಏನೂ ಇರುವುದಿಲ್ಲ. ಸಿಗ್ನೇಚರ್‌ನ ನಿಜವಾದ ಗಡಿ ಅದು.

ಅನಾಮಲಿ ವಿಧಾನಕ್ಕೆ ಆ ಜ್ಞಾನ ಬೇಡ. ಕಂಪ್ಯೂಟರ್ ಭದ್ರತೆಯ ಸಂಶೋಧಕಿ ಡೊರೊಥಿ ಡೆನ್ನಿಂಗ್ 1987ರಲ್ಲಿ ಪ್ರಕಟಿಸಿದ ಮಾದರಿಯ ತಿರುಳೂ ಇದೇ: ಎಂದಿನ ನಡವಳಿಕೆಯ ಅಂಕಿಅಂಶದ ಚಿತ್ರವನ್ನು ಇಟ್ಟುಕೊಂಡು, ಅದರಿಂದ ದೂರ ಸರಿದದ್ದನ್ನು ಗುರುತಿಸುವುದು. ಉತ್ತರದಲ್ಲಿ ನಾನು ಒಂದು ಕಾಲ್ಪನಿಕ ಸರ್ವರ್ ಇಟ್ಟುಕೊಳ್ಳುತ್ತೇನೆ. ಅದು ನಿಮಿಷಕ್ಕೆ ಸರಾಸರಿ 6 ಬೇರೆ ಬೇರೆ ವಿಳಾಸಗಳೊಂದಿಗೆ ಮಾತಾಡುತ್ತದೆ, ಮಾನಕ ವಿಚಲನೆ 2 ಎಂದಿಟ್ಟುಕೊಂಡರೆ, ಸರಾಸರಿಗೆ ಮೂರು ಪಟ್ಟು ವಿಚಲನೆ ಕೂಡಿಸಿ 12 ಎಂಬ ಗಡಿ ಸಿಗುತ್ತದೆ. ಸ್ಲಾಮರ್ ಹತ್ತಿದ ಯಂತ್ರ ಯಾರ ಉತ್ತರಕ್ಕೂ ಕಾಯದೆ ಯಾದೃಚ್ಛಿಕ ವಿಳಾಸಗಳಿಗೆ ಪ್ಯಾಕೆಟ್ ಎಸೆಯುತ್ತಲೇ ಇರುತ್ತದೆ. 404 ಬೈಟ್ ಎಂದರೆ 3,232 ಬಿಟ್. ಸೆಕೆಂಡಿಗೆ 100 ಮೆಗಾಬಿಟ್ ಕೊಂಡಿಯಲ್ಲಿ ಸೆಕೆಂಡಿಗೆ ಸುಮಾರು 30,000 ಪ್ಯಾಕೆಟ್ ಹಿಡಿಸುತ್ತವೆ. 12ರ ಗಡಿ ಕಣ್ಣು ಮಿಟುಕಿಸುವುದರೊಳಗೆ ದಾಟಿಹೋಗುತ್ತದೆ, ಹುಳುವಿನ ಹೆಸರು ಗೊತ್ತಿರಬೇಕಾಗಿಲ್ಲ. ಆದರೆ ಗಮನಿಸಬೇಕಾದದ್ದು, ಇಲ್ಲಿ ಸಿಕ್ಕಿದ್ದು ಹೊರಹೋಗುವ ಸಂಚಾರ, ಅಂದರೆ ಯಂತ್ರ ಆಗಲೇ ಸೋಂಕಿತವಾಗಿದೆ. ಐದು ನಿಮಿಷಕ್ಕೊಂದು ವಿಳಾಸವನ್ನು ತಟ್ಟುವ ನಿಧಾನದ ದಾಳಿ ಈ ಗಡಿಯ ಕೆಳಗೇ ಉಳಿಯುತ್ತದೆ. ಕಲಿಕೆಯ ಅವಧಿಯಲ್ಲೇ ದಾಳಿ ನಡೆಯುತ್ತಿದ್ದರೆ ಅದೂ ಎಂದಿನ ನಡವಳಿಕೆಯಾಗಿ ದಾಖಲಾಗುತ್ತದೆ. ಇನ್ನು ನಾವೇ ಓಡಿಸುವ ದೋಷ ಪರೀಕ್ಷೆಯ ಸ್ಕ್ಯಾನರ್ ಎಲ್ಲ ವಿಳಾಸಗಳನ್ನೂ ತಟ್ಟುವುದರಿಂದ ಪ್ರತಿ ಸಲವೂ ಸುಳ್ಳು ಎಚ್ಚರಿಕೆ ಏಳುತ್ತದೆ.

ಎರಡು ಪ್ರಶ್ನೆಗಳೂ ಪರಸ್ಪರ ಸಂಧಿಸುವುದು ಈ ಸುಳ್ಳು ಎಚ್ಚರಿಕೆಯಲ್ಲಿ. ಇದನ್ನು ಮಾತಿನಲ್ಲಿ ಹೇಳುವುದಕ್ಕಿಂತ ಲೆಕ್ಕದಲ್ಲಿ ತೋರಿಸುವುದೇ ಮೇಲು ಎಂದು ನನ್ನ ಅಭಿಪ್ರಾಯ, ಹಾಗಾಗಿ ಉತ್ತರದ ಹೆಚ್ಚಿನ ಜಾಗವನ್ನು ಇದಕ್ಕೇ ಕೊಡುತ್ತೇನೆ. ದಿನಕ್ಕೆ 10,00,000 ಸಂಪರ್ಕಗಳು, ಅವುಗಳಲ್ಲಿ 100 ದಾಳಿಗಳು ಎಂದಿಟ್ಟುಕೊಳ್ಳೋಣ. ಪತ್ತೆಗಾರ ದಾಳಿಗಳಲ್ಲಿ ಶೇ. 99ನ್ನು ಹಿಡಿಯುತ್ತದೆ, ಸಾಚಾ ಸಂಪರ್ಕಗಳಲ್ಲಿ ಶೇ. 1ನ್ನು ತಪ್ಪಾಗಿ ದಾಳಿ ಎನ್ನುತ್ತದೆ. ಆಗ ನಿಜವಾದ ಎಚ್ಚರಿಕೆಗಳು 99; ಸುಳ್ಳು ಎಚ್ಚರಿಕೆಗಳು 9,99,900ರಲ್ಲಿ ಶೇ. 1, ಅಂದರೆ 9,999. ಒಟ್ಟು 10,098 ಎಚ್ಚರಿಕೆಗಳಲ್ಲಿ ನಿಜವಾದದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ. ಶೇ. 99ರ ಪತ್ತೆ ಎಂಬ ಹೊಗಳಿಕೆ ಎಲ್ಲಿಯೂ ಸುಳ್ಳಲ್ಲ, ಆದರೂ ಫಲಿತಾಂಶ ಹೀಗಾಗುವುದು ದಾಳಿಗಳು ಅಷ್ಟು ವಿರಳವಾಗಿರುವುದರಿಂದ. ಇದೇ ಪತ್ತೆಗಾರವನ್ನು ಐಡಿಎಸ್‌ನಲ್ಲಿಟ್ಟರೆ 9,999 ಸಾಲುಗಳನ್ನು ಯಾರೋ ಓದಬೇಕು, ಓದದೆ ಬಿಡುವ ಅಭ್ಯಾಸವೂ ಬೆಳೆಯುತ್ತದೆ. ಐಪಿಎಸ್‌ನಲ್ಲಿಟ್ಟರೆ ದಿನಕ್ಕೆ 9,999 ಸಾಚಾ ಬಳಕೆದಾರರ ಸಂಪರ್ಕ ಕಡಿಯುತ್ತದೆ. ಸುಳ್ಳು ದರ ಲಕ್ಷಕ್ಕೆ 1ಕ್ಕೆ ಇಳಿದರೆ ಸುಳ್ಳು ಎಚ್ಚರಿಕೆಗಳು ಹತ್ತಕ್ಕೆ ಬರುತ್ತವೆ; ದೋಷದ ಆಕಾರಕ್ಕೇ ಕಟ್ಟಿದ ಕಿರಿದಾದ ಸಿಗ್ನೇಚರ್ ಆ ಮಟ್ಟ ಮುಟ್ಟಬಲ್ಲದು, ಎಂದಿನಿಂದ ಸರಿದದ್ದನ್ನೆಲ್ಲ ಹಿಡಿಯುವ ಅನಾಮಲಿ ವಿಧಾನಕ್ಕೆ ಅದು ಕಷ್ಟ. ಸಾಮಾನ್ಯವಾಗಿ ಸಿಗ್ನೇಚರ್ ತಡೆಯ ಕಡೆಗೂ ಅನಾಮಲಿ ಪತ್ತೆಯ ಕಡೆಗೂ ವಾಲುವುದು ಈ ಲೆಕ್ಕದಿಂದ, ಅವುಗಳ ವ್ಯಾಖ್ಯೆಯಿಂದಲ್ಲ.

ಹಾಳೆಯ ಮೇಲೆ ನಾನು ಮೊದಲು ಎರಡು ಪುಟ್ಟ ಚಿತ್ರ ಬರೆಯುತ್ತೇನೆ: ಸ್ವಿಚ್ಚಿನ ಮಿರರ್ ಪೋರ್ಟಿನಿಂದ ಪ್ರತಿ ಪಡೆಯುವ ಐಡಿಎಸ್, ಗೆರೆಯ ನಡುವೆಯೇ ಕೂತ ಐಪಿಎಸ್. ಆಮೇಲೆ ಸ್ಥಾನ ಮತ್ತು ವಿಧಾನಗಳನ್ನು ಎರಡು ಅಂಚುಗಳಲ್ಲಿ ಇಟ್ಟು ನಾಲ್ಕು ಮನೆಗಳ ಕೋಷ್ಟಕ ಹಾಕಿ, ಪ್ರತಿ ಮನೆಯಲ್ಲೂ ಸ್ಲಾಮರ್ ಪ್ಯಾಕೆಟ್ಟಿಗೆ ಏನಾಗುತ್ತದೆ ಎಂದು ಒಂದು ಸಾಲು ಬರೆಯುತ್ತೇನೆ. ಅನಾಮಲಿ ಮತ್ತು ತಡೆ ಸೇರುವ ನಾಲ್ಕನೆಯ ಮನೆಯನ್ನು ಖಾಲಿ ಬಿಡಬಾರದು. ಅಲ್ಲಿ ಸಂಪರ್ಕವನ್ನು ಪೂರ್ತಿ ಕಡಿಯುವ ಬದಲು, ಗಡಿ ಮೀರಿದ ಯಂತ್ರ ಹೊಸ ವಿಳಾಸಗಳನ್ನು ತಟ್ಟುವ ವೇಗಕ್ಕೆ ಮಾತ್ರ ಮಿತಿ ಹಾಕಬಹುದು: ಈಗಾಗಲೇ ಮಾತಾಡುತ್ತಿರುವ ವಿಳಾಸಗಳ ಸಂಚಾರ ಎಂದಿನಂತೆ, ಹೊಸವು ಸೆಕೆಂಡಿಗೆ ಒಂದರಂತೆ. ಸೆಕೆಂಡಿಗೆ 30,000 ಎಸೆಯುತ್ತಿದ್ದ ಹುಳುವಿಗೆ ಒಂದೊಂದೇ ಹೊರಹೋಗುವ ದಾರಿ ಉಳಿಯುತ್ತದೆ, ತಪ್ಪಾಗಿ ಸಿಕ್ಕಿಬಿದ್ದ ನಮ್ಮದೇ ಸ್ಕ್ಯಾನರ್‌ಗೆ ಕೆಲಸ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ.