ಬಳಸಲಾಗದ ಉಡುಗೊರೆಗೆ ಸುಳ್ಳಾಡದೆ ಕೃತಜ್ಞತೆ ಹೇಳುವುದು ಹೇಗೆ?

ಮಾವಿನ ಮಿಡಿಯ ಕಾಲ ಮುಗಿದು ಮಳೆ ಹಿಡಿಯುವ ಹೊತ್ತಿಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಊರುಗಳಿಂದ ಶಿವಮೊಗ್ಗದ ಮನೆಗಳಿಗೆ ಉಪ್ಪಿನಕಾಯಿ ಡಬ್ಬಿಗಳು ಬರತೊಡಗುತ್ತವೆ. ಪೇಟೆಯಲ್ಲಿರುವ ಮಗಳಿಗೊಂದು, ತಂಗಿಯ ಮಗನಿಗೊಂದು. ಆ ಮನೆಗಳಲ್ಲಿ ಬಿ.ಪಿ. ಇರುವವರು, ‘ಉಪ್ಪಿನಕಾಯಿ ಮುಟ್ಟಬೇಡಿ’ ಎಂದು ಡಾಕ್ಟರಿಂದ ಹೇಳಿಸಿಕೊಂಡವರು ಕಡಿಮೆಯಿಲ್ಲ. ‘ಭಾರಿ ಚೆನ್ನಾಗಿತ್ತು ದೊಡ್ಡಮ್ಮ, ಆಗಲೇ ಅರ್ಧ ಖಾಲಿ’ ಅಂದುಬಿಡುವುದು ಸುಲಭ. ಹಾಗಂದರೆ ಮುಂದಿನ ವರ್ಷ ಇನ್ನೂ ದೊಡ್ಡ ಡಬ್ಬಿ ಬರುತ್ತದೆ. ನೀವು ತಿನ್ನದ ಉಪ್ಪಿನಕಾಯಿಗೆ ಆ ಹಿರಿಯ ಜೀವ ಮತ್ತೊಂದು ಬೇಸಿಗೆ ಸೊಂಟ ನೋಯಿಸಿಕೊಂಡಿರುತ್ತದೆ. ನನ್ನ ಮಟ್ಟಿಗೆ ಇಲ್ಲಿ ಸುಳ್ಳು ಆಡಬಾರದು ಎನ್ನಲು ಈ ಒಂದು ಕಾರಣ ಸಾಕು.

ಮೊದಲು: ನಿಜವಾಗಿ ಮೆಚ್ಚುವಂಥದ್ದನ್ನು ಹುಡುಕಿ

ಫೋನ್ ಮಾಡುವ ಮುಂಚೆ ಡಬ್ಬಿಯ ಮುಚ್ಚಳ ತೆಗೆದು ನೋಡಿ. ರುಚಿಯ ಬಗ್ಗೆ ನೀವು ಮಾತಾಡುವಂತಿಲ್ಲ, ಆದರೆ ಕಣ್ಣಿಗೆ ಮೂಗಿಗೆ ಸಿಗುವುದು ಬೇಕಾದಷ್ಟಿದೆ. ಮಿಡಿಗೆ ತೊಟ್ಟು ಉಳಿದಿದೆಯೇ? ಉಳಿದಿದ್ದರೆ ಯಾರೋ ಮರ ಹತ್ತಿ, ನೆಲಕ್ಕೆ ಬೀಳಿಸದೆ, ಜೋಪಾನವಾಗಿ ಇಳಿಸಿದ್ದಾರೆ. ಪೆಟ್ಟು ತಿಂದ ಮಿಡಿ ಕೊಳೆತು ಇಡೀ ಭರಣಿಯನ್ನೇ ಕೆಡಿಸುತ್ತದೆ ಎಂದು ಹಾಕಿದವರಿಗೆ ಗೊತ್ತು. ಸೊನೆಯ ಪರಿಮಳ ಬರುತ್ತಿದೆಯೇ? ಎಲ್ಲವೂ ಒಂದೇ ಗಾತ್ರಕ್ಕಿವೆಯೇ? ಹಾಗಿದ್ದರೆ ಕೂತು ಆರಿಸಿದ್ದಾರೆ. ಕಲ್ಲುಪ್ಪಿನಲ್ಲಿ ಪದರ ಪದರವಾಗಿ ಹಾಕಿ, ಮಿಡಿ ಚಿರುಟುವವರೆಗೆ ದಿನಾ ಕೈಯಾಡಿಸಿ, ಆಮೇಲೆ ಸಾಸಿವೆ ಮೆಣಸು ಅರೆದು ಬೆರೆಸಿದ ವಾರಗಟ್ಟಲೆ ಕೆಲಸ ಅದು.

ಇವುಗಳಲ್ಲಿ ಎರಡನ್ನು ಆರಿಸಿಕೊಂಡರೆ ಸಾಕು. ಆಡಬೇಕೆಂದಿರುವ ಮಾತನ್ನು ಹೀಗೆ ಪರೀಕ್ಷಿಸಿ: ನಾಳೆ ದೊಡ್ಡಮ್ಮ ನಿಮ್ಮ ಅಡುಗೆಮನೆಗೇ ಬಂದು ನಿಂತರೂ ಆ ಮಾತು ನಿಲ್ಲುತ್ತದೆಯೇ? ‘ತೊಟ್ಟು ಸಮೇತ ಇದೆ, ಎಂಥ ಪರಿಮಳ’ ಎಂಬುದು ನಿಲ್ಲುತ್ತದೆ. ‘ದಿನಾ ಊಟಕ್ಕೆ ಅದೇ’ ಎಂಬುದು ನಿಲ್ಲುವುದಿಲ್ಲ.

ಆಮೇಲೆ: ಬಂದ ದಿನವೇ ಮಾತಾಡಿ

ತಡ ಮಾಡಿದರೆ ಅವರೇ ಫೋನ್ ಮಾಡುತ್ತಾರೆ, ಮೊದಲ ಪ್ರಶ್ನೆಯೇ ‘ತಿಂದ್ಯಾ, ಹೆಂಗಿತ್ತು?’ ಎಂದಿರುತ್ತದೆ. ಆಗ ಕೃತಜ್ಞತೆ ಹೇಳಲು ಜಾಗವೇ ಇರುವುದಿಲ್ಲ, ಉತ್ತರ ಕೊಡುವುದೇ ಆಗುತ್ತದೆ. ನೀವೇ ಮುಂದಾಗಿ ಫೋನ್ ಮಾಡಿದರೆ ಮಾತು ಎಲ್ಲಿಂದ ಶುರುವಾಗಬೇಕು ಎಂಬುದು ನಿಮ್ಮ ಕೈಯಲ್ಲಿರುತ್ತದೆ. ಉಪ್ಪಿನಕಾಯಿಯ ಗುಣದಿಂದ ಶುರು ಮಾಡದೆ, ಅವರು ಮಾಡಿದ್ದರಿಂದ ಶುರು ಮಾಡಿ.

ಒಂದು ಮಾತಿನ ಬಗ್ಗೆ ಎಚ್ಚರ ಬೇಕು. ‘ಇದೆಲ್ಲ ಯಾಕೆ ಕಳಿಸೋಕ್ ಹೋದೆ?’ ಎಂದು ನಾವು ಉಪಚಾರಕ್ಕೆ ಅನ್ನುವುದುಂಟು. ಬೇರೆ ಹೊತ್ತಿನಲ್ಲಿ ಅದು ಚೆಂದವೇ. ಮುಂದೆ ‘ನಾನು ತಿನ್ನುವಂತಿಲ್ಲ’ ಎಂದು ಹೇಳಲಿರುವಾಗ ಮಾತ್ರ ಅದು ಬೇಡ. ಎರಡನ್ನೂ ಒಟ್ಟಿಗೆ ಕೇಳಿದವರಿಗೆ, ಕಳಿಸಿದ್ದೇ ತಪ್ಪಾಯಿತೇನೋ ಅನ್ನಿಸಿಬಿಡುತ್ತದೆ.

ಕಷ್ಟದ ಭಾಗ: ತಿನ್ನಲಾಗದು ಎನ್ನುವುದು

ಆರೋಗ್ಯದ ಕಾರಣವಿದ್ದರೆ ಅದೇ ಫೋನಿನಲ್ಲಿ ಹೇಳಿಬಿಡಬೇಕು. ಕೃತಜ್ಞತೆಯ ಮಾತಿಗೆ ‘ಆದರೆ’ ಎಂದು ಅಂಟಿಸಿ ಹೇಳಬೇಡಿ, ಅದರ ಮೊದಲು ಹೇಳಿದ್ದೆಲ್ಲ ಅಳಿಸಿಹೋಗುತ್ತದೆ. ನಡುವೆ ಅವರ ಕೆಲಸದ ಬಗ್ಗೆ ಒಂದು ಪ್ರಶ್ನೆ ಕೇಳಿ, ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಒಂದು ಮಾತುಕತೆ ಹೀಗೆ ಸಾಗಬಹುದು:

“ದೊಡ್ಡಮ್ಮ, ಡಬ್ಬಿ ಬಂತು. ಮುಚ್ಚಳ ತೆಗೆದಿದ್ದೇ ಮನೆಯೆಲ್ಲ ಘಮ್ ಅಂತು. ಒಂದೊಂದೂ ತೊಟ್ಟು ಸಮೇತ ಇದೆ. ಈ ಸಲ ಮಿಡಿ ಎಲ್ಲಿದು?”

“ಹೊಳೆಬದಿ ಮರದ್ದು ಮಾರಾಯ, ಈ ವರ್ಷ ಫಸಲೇ ಕಮ್ಮಿ. ಸಿಕ್ಕಿದ್ರಲ್ಲಿ ನಿಂಗೆ ಅಂತ ತೆಗೆದಿಟ್ಟಿದ್ದೆ. ತಿಂದ್ಯಾ?”

“ಇಲ್ಲ ದೊಡ್ಡಮ್ಮ. ನಂಗೆ ಬಿ.ಪಿ. ಅಂತ ಡಾಕ್ಟ್ರು ಉಪ್ಪಿನಕಾಯಿ ಪೂರ್ತಿ ಬಿಡಿಸಿದಾರೆ. ಗುಳಿಗೆ ತಗೊಳ್ತಿದೀನಿ, ಆರಾಮಾಗೇ ಇದೀನಿ. ಇದನ್ನ ಇವಳು, ಮಕ್ಕಳು ಊಟ ಮಾಡ್ತಾರೆ. ಸ್ವಲ್ಪ ಪಕ್ಕದ ಮನೆಯವರಿಗೆ ನಿನ್ನ ಹೆಸರು ಹೇಳಿ ಕೊಡ್ಲಾ?”

“ಅಯ್ಯೋ, ಒಂದು ಮಿಡಿ ತೊಳ್ಕಂಡ್ ತಿಂದ್ರೆ ಎಂತಾಗ್ತದೆ?”

“ಉಪ್ಪು ಒಳಗೇ ಇಳಿದಿರ್ತದಲ್ಲ, ತೊಳೆದ್ರೆ ಹೋಗಲ್ಲ. ತಿಂತೀನಿ ಅಂತ ನಿಂಗೆ ಸುಳ್ಳು ಹೇಳೋಕೆ ಮನಸ್ಸು ಬರಲ್ಲ.”

ಇಲ್ಲಿ ಕಾಯಿಲೆಯ ಮಾತು ಎರಡೇ ವಾಕ್ಯದಲ್ಲಿ ಮುಗಿದಿದೆ, ‘ಆರಾಮಾಗಿದೀನಿ’ ಎಂಬುದೂ ಜೊತೆಗೇ ಬಂದಿದೆ. ಕಾರಣವನ್ನು ಹಿಗ್ಗಿಸಿದಷ್ಟೂ ಹಿರಿಯರಿಗೆ ಉಪ್ಪಿನಕಾಯಿ ಮರೆತು ನಿಮ್ಮದೇ ಚಿಂತೆ ಹತ್ತುತ್ತದೆ. ತೊಳೆಯುವ ವಿಷಯದಲ್ಲಿ ಹೇಳಿದ್ದೂ ನಿಜ: ವಾರಗಟ್ಟಲೆ ಉಪ್ಪುನೀರಿನಲ್ಲಿದ್ದ ಮಿಡಿ ತನ್ನ ನೀರು ಬಿಟ್ಟು ಉಪ್ಪು ಹೀರಿಕೊಂಡಿರುತ್ತದೆ. ದೊಡ್ಡವರಿಗೆ ದಿನಕ್ಕೆ ಎಲ್ಲ ಸೇರಿ 5 ಗ್ರಾಂಗಿಂತ, ಅಂದರೆ ಸುಮಾರು ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆದರೆ ಈ ಲೆಕ್ಕವನ್ನು ದೊಡ್ಡಮ್ಮನ ಮುಂದೆ ಒಪ್ಪಿಸಬೇಕಿಲ್ಲ.

ಹಂಚುವುದಕ್ಕೆ ಅವರನ್ನೇ ಕೇಳಿದ್ದು ಅದಕ್ಕಿಂತ ಮುಖ್ಯ. ನಮ್ಮ ಕಡೆ ನೆಂಟಸ್ತಿಕೆ ಹೇಗೆ ಹೆಣೆದುಕೊಂಡಿದೆ ಎಂದರೆ, ಹೇಳದೆ ಕೊಟ್ಟ ಡಬ್ಬಿಯ ಸುದ್ದಿ ಮುಂದಿನ ಮದುವೆಮನೆಯೊಳಗೆ ಅವರ ಕಿವಿಗೆ ಬಿದ್ದಿರುತ್ತದೆ. ಬೇರೆಯವರ ಬಾಯಿಂದ ಕೇಳಿದಾಗ ಆಗುವ ನೋವು, ನೀವೇ ಹೇಳಿದ್ದರೆ ಆಗುತ್ತಿರಲಿಲ್ಲ.

ಅವರು ‘ಆಯ್ತು ಬಿಡು’ ಎಂದು ಸುಮ್ಮನಾದರೆ ಮನಸ್ಸಿಗೆ ನೋವಾಗಿದೆ ಎಂದೇ ತಿಳಿಯಿರಿ. ಸಮಾಧಾನಕ್ಕೆಂದು ‘ಒಂದೆರಡು ತಿಂತೀನಿ’ ಅನ್ನಬೇಡಿ. ಮತ್ತೆ ಅವರ ಕೆಲಸದ ಕಡೆಗೇ ಹೊರಳಿ: ಎಷ್ಟು ಭರಣಿ ಹಾಕಿದರು, ಯಾರು ಜೊತೆಗಿದ್ದರು. ಕೆಲ ದಿನಗಳ ನಂತರ, ಮಕ್ಕಳು ತಿಂದು ಏನಂದರು ಎಂಬುದನ್ನು ಇದ್ದದ್ದು ಇದ್ದ ಹಾಗೆ ತಿಳಿಸಿ.

ಇಷ್ಟವಾಗದಿದ್ದರೆ?

ಬಳಸಲಾಗದ್ದಕ್ಕೂ ಇಷ್ಟವಾಗದ್ದಕ್ಕೂ ವ್ಯತ್ಯಾಸವಿದೆ. ಅತ್ತೆ ತಂದ ಸೀರೆಯ ಬಣ್ಣ ಹಿಡಿಸಲಿಲ್ಲ ಎಂಬುದನ್ನು ನೀವಾಗಿಯೇ ಎತ್ತಿ ಹೇಳಬೇಕಿಲ್ಲ. ‘ಗಾಂಧಿ ಬಜಾರೆಲ್ಲ ಸುತ್ತಿ ನಂಗೆ ಅಂತ ತಂದಿದೀರಲ್ಲ ಅತ್ತೆ’ ಎಂಬುದಷ್ಟೇ ಪೂರ್ಣ ಕೃತಜ್ಞತೆ, ಅವರು ಸುತ್ತಿದ್ದು ನಿಜವಿದ್ದರೆ. ಜಾರುವುದು ಸಾಮಾನ್ಯವಾಗಿ ಮುಂದಿನ ಮಾತಿನಲ್ಲಿ: ‘ಮದುವೆಗೆ ಇದನ್ನೇ ಉಡ್ತೀನಿ.’ ಉಡುವ ಮನಸ್ಸಿಲ್ಲದಿದ್ದರೆ ಅದೂ ಸುಳ್ಳೇ, ಮದುವೆಯ ದಿನ ಎಲ್ಲರೆದುರು ಬಯಲಾಗುವ ಸುಳ್ಳು.

ಅವರೇ ‘ಬಣ್ಣ ಹಿಡಿಸ್ತಾ?’ ಎಂದು ಕೇಳಿದರೆ ಮೌನಕ್ಕೆ ಅವಕಾಶವಿಲ್ಲ. ಆಗ ಸೀರೆಯನ್ನು ದೂರದೆ ನಿಮ್ಮ ರೂಢಿ ಹೇಳಿ: ‘ನಾನು ಇಷ್ಟು ಗಾಢ ಬಣ್ಣ ಉಡೋದು ಕಮ್ಮಿ ಅತ್ತೆ, ತಿಳಿ ಬಣ್ಣವೇ ರೂಢಿ. ಸೆರಗಿನ ಕೆಲಸ ಮಾತ್ರ ತುಂಬ ಚೆನ್ನಾಗಿದೆ.’ ಸೆರಗು ನಿಜಕ್ಕೂ ಚೆನ್ನಾಗಿರಬೇಕು, ಅಷ್ಟೆ. ಅಂಗಡಿಯಲ್ಲಿ ಬದಲಾಯಿಸಿಕೊಡುವ ಗಡುವು ಇನ್ನೂ ಇದ್ದರೆ ಅವರೇ ‘ಬದಲಾಯಿಸ್ಕೋ’ ಅನ್ನುವುದೂ ಉಂಟು. ಪ್ರೀತಿಯಿಂದ ಒಮ್ಮೆ ಅವರೆದುರು ಉಡಲು ಮನಸ್ಸಾದರೆ ಉಡಿ, ಅದರಲ್ಲಿ ಮೋಸವೇನಿಲ್ಲ. ಅವರು ನಿಮ್ಮ ಮೌನವನ್ನೇ ಒಪ್ಪಿಗೆ ಎಂದು ತಿಳಿದು ಅಂಥದ್ದೇ ಇನ್ನೊಂದು ಕೊಳ್ಳಲು ಹೊರಟರೆ ಮಾತ್ರ ಆಗಲೇ ಬಾಯಿ ಬಿಡಬೇಕು.

ಇನ್ನು ಮುಂದಿನ ವರ್ಷದ ಮಾತು. ‘ಹಂಗಾದ್ರೆ ನಿಂಗೆ ಎಂತ ಕಳಿಸ್ಲಿ?’ ಎಂದು ದೊಡ್ಡಮ್ಮ ಕೇಳಿಯೇ ಕೇಳುತ್ತಾರೆ. ‘ಏನೂ ಬೇಡ’ ಅನ್ನಬೇಡಿ. ಸಕ್ಕರೆ ಕಾಯಿಲೆ ಇಲ್ಲದಿದ್ದರೆ ಒಂದು ಬಾಟಲಿ ಜೋನಿ ಬೆಲ್ಲ ಕೇಳಿ. ಇದ್ದರೆ, ಉಪ್ಪು ಹಾಕದೆ ಒಣಗಿಸಿದ ವಾಟೆ ಹುಳಿ ಒಂದು ಪೊಟ್ಟಣ.